ಅಮ್ಮನ ಕೆನಡಾ ವೀಸಾಗೆ ಮಗಳು ಬರೆಯುವ ಆಹ್ವಾನ ಪತ್ರ: ಅಧಿಕಾರಿ ಅದರಲ್ಲಿ ಏನು ಹುಡುಕುತ್ತಾರೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಶಿಡ್ಲಘಟ್ಟ ತಾಲ್ಲೂಕು. ನಾನು, ನನ್ನ ಗಂಡ ಕೆನಡಾದ ಕಿಚನರ್‌ನಲ್ಲಿದ್ದೇವೆ, ಇಬ್ಬರಿಗೂ ಪಿಆರ್ ಇದೆ. ಮಾರ್ಚ್ ಮಧ್ಯಕ್ಕೆ ನನಗೆ ಹೆರಿಗೆ. ಅಮ್ಮನನ್ನು ಕರೆಸಿಕೊಳ್ಳಬೇಕು. ಹೋದ ವರ್ಷ ಹಾಕಿದ್ದ ವಿಸಿಟರ್ ವೀಸಾ ರಿಜೆಕ್ಟ್ ಆಯ್ತು. ಇಂಟರ್‌ನೆಟ್‌ನಲ್ಲಿ ಸಿಕ್ಕಿದ ಮಾದರಿ ನೋಡಿ ಇನ್ವಿಟೇಶನ್ ಲೆಟರ್ ಬರೆದಿದ್ದೆ, ಅದನ್ನೂ ಕಳಿಸಿದ್ದೇನೆ. ಅಪ್ಪ ಈಗಿಲ್ಲ. ಅಮ್ಮ ಊರಲ್ಲಿ ಅಣ್ಣ ಅತ್ತಿಗೆ ಜೊತೆ ಇದ್ದಾರೆ. ಎರಡು ಎಕರೆ ಹಿಪ್ಪುನೇರಳೆ ತೋಟ, ಎರಡು ಹಸು ಇವೆ. ಈ ಸಲ ಲೆಟರ್ ಹೇಗೆ ಬರೆಯಬೇಕು? ನೋಟರಿ ಮಾಡಿಸಬೇಕಾ?

ಉತ್ತರ: ನಿಮ್ಮ ಹಳೆಯ ಪತ್ರ ಓದಿದೆ. ಅದರಲ್ಲಿ ಬೇಕೆಂದು ಹೇಳಿದ ಸುಳ್ಳೇನೂ ಇಲ್ಲ, ಅಕ್ಕರೆಯೂ ಬೇಕಾದಷ್ಟಿದೆ. ಆದರೆ ಎರಡನೇ ಪ್ಯಾರಾದಲ್ಲಿ ಒಂದು ಸಾಲು ಬರೆದಿದ್ದೀರಿ: ‘ಅಪ್ಪ ಹೋದ ಮೇಲೆ ಅಮ್ಮ ಒಂಟಿಯಾಗಿದ್ದಾರೆ, ಅವರನ್ನು ನೋಡಿಕೊಳ್ಳುವ ಜವಾಬ್ದಾರಿ ನನ್ನದು.’ ಅದರ ಕೆಳಗೆ ‘ಆರು ತಿಂಗಳು, ಅಗತ್ಯ ಬಿದ್ದರೆ ಮುಂದುವರಿಸುತ್ತೇವೆ’ ಎಂದಿದೆ. ವೀಸಾ ಅಧಿಕಾರಿಯ ಕುರ್ಚಿಯಲ್ಲಿ ಕೂತು ಇವೆರಡನ್ನೂ ಒಟ್ಟಿಗೆ ಓದಿ ನೋಡಿ. ಊರಲ್ಲಿ ಯಾರೂ ಇಲ್ಲದ ತಾಯಿ, ನೋಡಿಕೊಳ್ಳುವ ಮಗಳು ಕೆನಡಾದಲ್ಲಿ, ವಾಪಸ್ ಹೋಗುವ ದಿನವೂ ಗೊತ್ತಿಲ್ಲ. ‘ಹಾಗಾದರೆ ಇವರು ಯಾಕೆ ಹಿಂದಿರುಗುತ್ತಾರೆ?’ ಎಂದು ಅವರಿಗೆ ಅನ್ನಿಸದೆ ಇರುತ್ತದಾ?

ಕೆನಡಾದ ವಲಸೆ ನಿಯಮ 179(b) ಕೇಳುವುದೂ ಅದನ್ನೇ. ಕೊಟ್ಟ ಅವಧಿ ಮುಗಿದಾಗ ಈ ವ್ಯಕ್ತಿ ದೇಶ ಬಿಟ್ಟು ಹೊರಡುತ್ತಾರೆ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ನಿಮ್ಮ ರಿಜೆಕ್ಷನ್ ಕಾಗದ ತೆಗೆದು ನೋಡಿದರೆ ಬಹುತೇಕ ಇದೇ ಸಂಖ್ಯೆ ಕಾಣುತ್ತದೆ. ಈಗೀಗ ಕೆಲವು ನಿರಾಕರಣೆಗಳ ಜೊತೆ ಅಧಿಕಾರಿಯ ಟಿಪ್ಪಣಿಯೂ ಬರುತ್ತಿದೆ. ಬಂದಿಲ್ಲದಿದ್ದರೆ, ನಿಮಗೆ ಪಿಆರ್ ಇರುವುದರಿಂದ ಅಮ್ಮನ ಒಪ್ಪಿಗೆ ಪತ್ರ ಹಾಕಿ ಮಾಹಿತಿ ಹಕ್ಕಿನ ಅರ್ಜಿಯಲ್ಲಿ GCMS ಟಿಪ್ಪಣಿ, ಅಂದರೆ ಅರ್ಜಿಯ ಬಗ್ಗೆ ಅಧಿಕಾರಿಗಳು ತಮ್ಮ ಕಂಪ್ಯೂಟರ್‌ನಲ್ಲಿ ಬರೆದಿಟ್ಟದ್ದನ್ನು, ತರಿಸಿಕೊಳ್ಳಬಹುದು. ಫೀ ಐದು ಡಾಲರ್. ಹೊಸ ಪತ್ರ ಬರೆಯುವ ಮೊದಲು ಅದನ್ನು ಓದಿ. ಹೋದ ಸಲ ಅನುಮಾನ ಎಲ್ಲಿ ಬಂತು ಎಂದು ಗೊತ್ತಿಲ್ಲದೆ ಬರೆದರೆ ಹಳೆಯ ಪತ್ರವನ್ನೇ ಇನ್ನೊಂದಿಷ್ಟು ಉದ್ದ ಮಾಡಿದಂತೆ ಆಗುತ್ತದೆ, ಅಷ್ಟೆ.

ಇನ್ನು ಪತ್ರದ ವಿಷಯ. ಆಹ್ವಾನ ಪತ್ರದಲ್ಲಿ ಏನೇನಿರಬೇಕು ಎಂದು ಕೆನಡಾ ಸರ್ಕಾರ ತಾನೇ ಹೇಳಿದೆ. ಬರುವವರ ಪೂರ್ತಿ ಹೆಸರು, ಹುಟ್ಟಿದ ದಿನ, ವಿಳಾಸ, ಫೋನ್, ನಿಮಗೂ ಅವರಿಗೂ ಇರುವ ಸಂಬಂಧ, ಬರುವ ಉದ್ದೇಶ, ಎಷ್ಟು ದಿನ ಇರುತ್ತಾರೆ, ಎಲ್ಲಿ ಇರುತ್ತಾರೆ, ಖರ್ಚು ಯಾರದು, ಯಾವಾಗ ಹೊರಡುತ್ತಾರೆ. ಕರೆಯುವವರ ಕಡೆಯಿಂದ ನಿಮ್ಮ ಹೆಸರು, ಹುಟ್ಟಿದ ದಿನ, ಅಲ್ಲಿನ ವಿಳಾಸ, ಫೋನ್, ಕೆಲಸ, ಪಿಆರ್ ಇದೆಯೋ ಪೌರತ್ವವೋ, ಅದರ ನಕಲು, ಗಂಡ ಮಕ್ಕಳ ಹೆಸರು ಮತ್ತು ಹುಟ್ಟಿದ ದಿನ, ಮನೆಯಲ್ಲಿ ಒಟ್ಟು ಎಷ್ಟು ಜನ. ಇಷ್ಟು ವಿವರ ಒಂದೂವರೆ ಪುಟದಲ್ಲಿ ಆರಾಮಾಗಿ ಹಿಡಿಸುತ್ತದೆ. ನಿಮ್ಮ ಹಳೆಯ ಪತ್ರದಲ್ಲಿ ಅಮ್ಮನ ಹುಟ್ಟಿದ ದಿನ ಇಲ್ಲ, ಮನೆಯಲ್ಲಿ ಎಷ್ಟು ಜನ ಎಂಬುದೂ ಇಲ್ಲ. ಇವು ಸೇರಿಸಿದರೆ ಮುಗಿಯುವ ಕೆಲಸ.

ಕಷ್ಟ ಇರುವುದು ಬೇರೆ ಕಡೆ. ಪತ್ರದ ಪ್ರತಿ ಸಾಲಿನ ಹಿಂದೆ ಒಂದು ಕಾಗದ ನಿಂತಿರಬೇಕು, ಆ ಕಾಗದ ಅದೇ ಮಾತು ಹೇಳಬೇಕು. ನಮ್ಮ ಕಡೆ ಫೈಲುಗಳು ಎಡವುವುದು ಇಲ್ಲೇ. ನಿಮ್ಮ ಹಳೆಯ ಪತ್ರದಲ್ಲಿ ‘ನನ್ನ ತಾಯಿ ಎರಡು ಎಕರೆ ಜಮೀನಿನ ಒಡತಿ’ ಎಂದಿದೆ. ಜೊತೆಗೆ ಪಹಣಿ ಲಗತ್ತಿಸಿದ್ದೀರಿ. ಆ ಪಹಣಿ ಬಿಡಿಸಿ ನೋಡಿ, ಖಾತೆದಾರರ ಕಾಲಂನಲ್ಲಿ ಈಗಲೂ ನಿಮ್ಮ ಅಪ್ಪನ ಹೆಸರೇ ಇದೆ. ಪೌತಿ ಖಾತೆ ಆಗಿಲ್ಲ. ಊರಲ್ಲಿ ಇದು ಯಾರಿಗೂ ದೊಡ್ಡ ವಿಷಯವಲ್ಲ, ‘ಜಮೀನು ಅಮ್ಮಂದೇ ಅಲ್ವಾ’ ಅಂತಾರೆ. ಎಲ್ಲೋ ಕೂತು ಫೈಲು ನೋಡುವ ಅಧಿಕಾರಿಗೆ ಮಾತ್ರ, ಪತ್ರ ಒಂದು ಹೆಸರು ಹೇಳುತ್ತದೆ, ದಾಖಲೆ ಇನ್ನೊಂದು ಹೆಸರು ಹೇಳುತ್ತದೆ. ಆ ಒಂದು ಸಾಲಿನ ಮೇಲೆ ಅನುಮಾನ ಬಂದರೆ ಮಿಕ್ಕ ಸಾಲುಗಳನ್ನೂ ಅವರು ಅದೇ ಕಣ್ಣಲ್ಲಿ ಓದುತ್ತಾರೆ.

ದಾರಿ ಎರಡಿವೆ. ಸಮಯ ಇದ್ದರೆ ಅಣ್ಣನಿಗೆ ಹೇಳಿ ಪೌತಿ ಖಾತೆಗೆ ಅರ್ಜಿ ಹಾಕಿಸಿ. ಅದಕ್ಕೆ ಅಪ್ಪನ ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ ಬೇಕಾಗುತ್ತದೆ. ಖಾತೆ ಅಮ್ಮ, ಅಣ್ಣ, ನೀವು ಮೂವರ ಹೆಸರಿಗೆ ಜಂಟಿಯಾಗಿ ಬಂದರೂ ತೊಂದರೆ ಇಲ್ಲ. ಆದರೆ ಮಾರ್ಚ್‌ಗೆ ಅಮ್ಮ ಅಲ್ಲಿರಬೇಕು ಅಂದರೆ ಇದಕ್ಕಾಗಿ ಕಾಯುತ್ತಾ ಕೂರಬೇಡಿ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ: ‘ಜಮೀನು ನನ್ನ ದಿವಂಗತ ತಂದೆಯ ಹೆಸರಿನಲ್ಲಿದೆ, ತಾಯಿ ವಾರಸುದಾರರಲ್ಲಿ ಒಬ್ಬರು, ಖಾತೆ ಬದಲಾವಣೆ ಇನ್ನೂ ಆಗಬೇಕಿದೆ.’ ಪಹಣಿ, ಮರಣ ಪ್ರಮಾಣ ಪತ್ರ, ವಂಶವೃಕ್ಷ ಮೂರನ್ನೂ ಒಂದರ ಹಿಂದೆ ಒಂದು ಇಡಿ. ವಂಶವೃಕ್ಷದಿಂದ ಇನ್ನೊಂದು ಲಾಭವಿದೆ. ಊರಲ್ಲಿ ಒಬ್ಬ ಮಗ ಇದ್ದಾನೆ ಎಂಬುದಕ್ಕೂ ಅದೇ ಸಾಕ್ಷಿ.

ಈ ಕಾಗದಗಳೆಲ್ಲ ಕನ್ನಡದಲ್ಲಿರುತ್ತವೆ. ಇಂಗ್ಲಿಷಿಗೆ ಅನುವಾದ ಮಾಡಿಸಲೇಬೇಕು, ಅನುವಾದಕರ ಅಫಿಡವಿಟ್ ಜೊತೆಗಿರಬೇಕು. ನಿಮಗೆ, ಅಣ್ಣನಿಗೆ, ನಿಮ್ಮ ಯಜಮಾನರಿಗೆ ಎಷ್ಟೇ ಚೆನ್ನಾಗಿ ಇಂಗ್ಲಿಷ್ ಬರಲಿ, ಮನೆಯವರು ಮಾಡಿದ ಅನುವಾದ ನಡೆಯುವುದಿಲ್ಲ.

ಹೆಸರಿನದ್ದೂ ಇದೇ ಕಥೆ. ನಮ್ಮ ಕಡೆಯ ತಾಯಂದಿರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವುದು ಮಾಮೂಲು. ಪಾಸ್‌ಪೋರ್ಟ್‌ನಲ್ಲಿ ಲಕ್ಷ್ಮಮ್ಮ, ಮಗಳ ಅಂಕಪಟ್ಟಿಯಲ್ಲಿ ಲಕ್ಷ್ಮಿದೇವಮ್ಮ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಗಂಡನ ಹೆಸರೂ ಸೇರಿಕೊಂಡ ಇನ್ನೊಂದು ರೂಪ. ಪತ್ರದಲ್ಲಿ ಬರೆಯಬೇಕಾದ್ದು ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರು, ಅಕ್ಷರಕ್ಕೆ ಅಕ್ಷರ. ಗೌರವಕ್ಕೆಂದು ‘ಶ್ರೀಮತಿ’ ಸೇರಿಸಬೇಡಿ, ಅಪ್ಪನ ಹೆಸರನ್ನು ಸರ್‌ನೇಮ್ ಮಾಡಬೇಡಿ. ಅರ್ಜಿ ಫಾರ್ಮ್‌ನಲ್ಲಿ ಸರ್‌ನೇಮ್ ಇಲ್ಲದವರು ತಮ್ಮ ಹೆಸರನ್ನೇ ಫ್ಯಾಮಿಲಿ ನೇಮ್ ಜಾಗದಲ್ಲಿ ಹಾಕಿ, ಗಿವನ್ ನೇಮ್ ಖಾಲಿ ಬಿಡಬೇಕು ಎಂಬುದು ಕೆನಡಾದ ಸೂಚನೆ. ಬೇರೆ ದಾಖಲೆಯಲ್ಲಿ ಬೇರೆ ಹೆಸರಿದ್ದರೆ ಇಬ್ಬರೂ ಒಬ್ಬರೇ ಎಂದು ಅಮ್ಮನಿಂದ ಒಂದು ಅಫಿಡವಿಟ್ ಮಾಡಿಸಿ ಇಡಿ. ನೀವು ಅವರ ಮಗಳು ಎನ್ನುವುದಕ್ಕೆ ನಿಮ್ಮ ಜನನ ಪ್ರಮಾಣ ಪತ್ರ ಎಲ್ಲಕ್ಕಿಂತ ಒಳ್ಳೆಯದು. ನಿಮ್ಮ ಪಾಸ್‌ಪೋರ್ಟ್‌ನ ಕೊನೆಯ ಪುಟದಲ್ಲಿ ಅಮ್ಮನ ಹೆಸರಿದ್ದರೆ ಅದೂ ಕೆಲಸಕ್ಕೆ ಬರುತ್ತದೆ.

ಉದ್ದೇಶಕ್ಕೆ ಬರೋಣ. ಹೆರಿಗೆ, ಬಾಣಂತನ ಅಂತ ಬರೆದರೆ ‘ಕೆಲಸಕ್ಕೆ ಕರೆಸಿಕೊಳ್ಳುತ್ತಿದ್ದಾರೆ’ ಅಂದುಕೊಳ್ಳುತ್ತಾರೆ, ಅದನ್ನು ಬರೆಯಲೇಬೇಡಿ ಎಂದು ಕೆಲವರು ಹೆದರಿಸುತ್ತಾರೆ. ಬೇರೆ ದೇಶಗಳ ಮಾತು ಬೇರೆ. ಕೆನಡಾ ಅಧಿಕಾರಿಗಳಿಗೆ ಇರುವ ಸೂಚನೆಯಲ್ಲಿ, ಭೇಟಿಗೆ ಬಂದ ತಾಯಿ ಮಗಳಿಗೆ ಮಗು ನೋಡಿಕೊಳ್ಳಲು ನೆರವಾಗುವುದು ‘ಕೆಲಸ’ ಅಲ್ಲ ಎಂದು ಉದಾಹರಣೆ ಸಮೇತ ಇದೆ. ಹಾಗಾಗಿ ಮುಚ್ಚಿಡುವ ಅಗತ್ಯವಿಲ್ಲ. ನಿಮ್ಮ ಡಾಕ್ಟರ್ ಅಥವಾ ಮಿಡ್‌ವೈಫ್ ಕೊಡುವ, ಹೆರಿಗೆ ದಿನಾಂಕ ಇರುವ ಪತ್ರವನ್ನು ಲಗತ್ತಿಸಿ. ಈ ಸಲ ನಿಮ್ಮ ಅರ್ಜಿಗೆ ಇರುವ ದೊಡ್ಡ ಬಲವೇ ಅದು. ಹೋದ ವರ್ಷ ‘ಕೆನಡಾ ನೋಡಲು’ ಎಂದಷ್ಟೇ ಇತ್ತು. ಈಗ ಬರುವುದಕ್ಕೆ ಕಾರಣವೂ ಇದೆ, ಆ ಕಾರಣಕ್ಕೆ ಒಂದು ತಾರೀಖೂ ಇದೆ.

ಎಚ್ಚರ ಬೇಕಾದ್ದು ಒಂದೇ ಕಡೆ. ‘ನಾನು ಕೆಲಸಕ್ಕೆ ಹೋದ ಮೇಲೆ ಮಗುವನ್ನು ಅಮ್ಮ ನೋಡಿಕೊಳ್ಳುತ್ತಾರೆ’ ಎಂದು ಬರೆದರೆ ಆ ಅಗತ್ಯ ಯಾವತ್ತಿಗೂ ಮುಗಿಯುವಂಥದ್ದಲ್ಲ. ಮಗು ಬೆಳೆಯುವ ತನಕ ಅಮ್ಮ ಬೇಕು ಎಂದೇ ಅದರ ಅರ್ಥ. ಬಾಣಂತನಕ್ಕೆ ಶುರುವೂ ಇದೆ, ಮುಗಿಯುವ ದಿನವೂ ಇದೆ. ನಮ್ಮ ಕಡೆ ಮೂರು ತಿಂಗಳು, ಐದು ತಿಂಗಳು ಎಂಬ ಲೆಕ್ಕ ಮನೆ ಮನೆಗೂ ಗೊತ್ತು. ಅದನ್ನೇ ಬರೆಯಿರಿ. ಫೆಬ್ರವರಿ ಕೊನೆ ವಾರ ಬಂದು ಜುಲೈ ಮೂರನೇ ವಾರ ಹೊರಡುತ್ತಾರೆ ಎಂದರೆ ಐದು ತಿಂಗಳೂ ತುಂಬುವುದಿಲ್ಲ. ವಿಸಿಟರ್‌ಗಳಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಆರು ತಿಂಗಳನ್ನು ಪೂರ್ತಿ ಕೇಳದೆ ಬೇಕಾದಷ್ಟೇ ಕೇಳಿದರೆ ಲೆಕ್ಕ ಹಾಕಿ ಕೇಳಿದ್ದಾರೆ ಎಂದು ಕಾಣುತ್ತದೆ. ‘ಅಗತ್ಯ ಬಿದ್ದರೆ ಮುಂದುವರಿಸುತ್ತೇವೆ’ ಎಂಬ ಸಾಲನ್ನು ಹೊಡೆದು ಹಾಕಿ. ಟಿಕೆಟ್ ಈಗಲೇ ತೆಗೆಯಬೇಡಿ, ಅಂದಾಜು ದಿನಾಂಕ ಸಾಕು. ಆದರೆ ಪತ್ರದಲ್ಲಿ ಬರೆದ ದಿನಾಂಕವೇ ಅಮ್ಮನ ವೀಸಾ ಅರ್ಜಿಯಾದ IMM 5257 ಫಾರ್ಮ್‌ನಲ್ಲೂ ಇರಲಿ.

ವಾಪಸ್ ಹೋಗುವ ವಿಷಯಕ್ಕೆ ‘ನನ್ನ ತಾಯಿ ಖಂಡಿತ ಹಿಂದಿರುಗುತ್ತಾರೆ ಎಂದು ಭರವಸೆ ಕೊಡುತ್ತೇನೆ’ ಎಂದು ಎಲ್ಲರೂ ಬರೆಯುತ್ತಾರೆ. ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಅದರಿಂದ ಹೆಚ್ಚೇನೂ ಆಗುವುದಿಲ್ಲ, ಕಾನೂನಿನಲ್ಲಿ ಆ ಪತ್ರ ಗ್ಯಾರಂಟಿಯೂ ಅಲ್ಲ. ಅಧಿಕಾರಿಗೆ ಬೇಕಿರುವುದು ಅಮ್ಮನ ದಿನಚರಿ ಎಲ್ಲಿ ಬೇರು ಬಿಟ್ಟಿದೆ ಎಂಬ ವಿವರ. ನಿಮ್ಮ ಮನೆಯಲ್ಲಿ ಅದು ಧಾರಾಳವಾಗಿದೆ, ಹಳೆಯ ಪತ್ರದಲ್ಲಿ ಮಾತ್ರ ಒಂದಕ್ಷರ ಇಲ್ಲ. ಅಮ್ಮ ಚಾಕಿ ಹುಳ ತಂದ ದಿನದಿಂದ ಗೂಡು ಬಿಡಿಸುವ ತನಕ ಹುಳು ಮನೆಯಲ್ಲೇ ಇರುತ್ತಾರೆ ಎಂದು ಫೋನಲ್ಲಿ ಹೇಳಿದಿರಲ್ಲ, ಅದು ಪತ್ರದಲ್ಲಿ ಬರಬೇಕು. ಅಣ್ಣ ಅತ್ತಿಗೆ ಅದೇ ಮನೆಯಲ್ಲಿದ್ದಾರೆ, ಅಮ್ಮ ಇಲ್ಲದ ಐದು ತಿಂಗಳು ಬೆಳೆ ಅವರು ನೋಡಿಕೊಳ್ಳುತ್ತಾರೆ, ಆಮೇಲೆ ಅಮ್ಮ ಮತ್ತೆ ಅದಕ್ಕೇ ಹೋಗುತ್ತಾರೆ ಎಂದೂ ಬರಬೇಕು.

ಇದಕ್ಕೂ ಕಾಗದ ಬೇಕು. ಗೂಡು ಮಾರಿದ ದುಡ್ಡು ಅಣ್ಣನ ಅಕೌಂಟಿಗೆ ಬೀಳುತ್ತದೆ ಎಂದಿದ್ದೀರಿ. ಹಾಗಿದ್ದರೆ ‘ತಾಯಿಯ ರೇಷ್ಮೆ ಆದಾಯ’ ಎಂದು ಬರೆಯಬೇಡಿ, ‘ಕುಟುಂಬದ ರೇಷ್ಮೆ ಕೃಷಿ’ ಎನ್ನಿ, ಅಣ್ಣನ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಶಿಡ್ಲಘಟ್ಟ ಗೂಡಿನ ಮಾರುಕಟ್ಟೆಯ ಚೀಟಿ ಇಡಿ. ಹಾಲಿನ ಡೇರಿಯ ಸದಸ್ಯತ್ವ ಅಮ್ಮನ ಹೆಸರಲ್ಲಿದ್ದು ಬಟವಾಡೆ ಅವರ ಅಕೌಂಟಿಗೇ ಬರುತ್ತಿದ್ದರೆ ಅದು ತುಂಬಾ ಒಳ್ಳೆಯ ದಾಖಲೆ. ತಪ್ಪದೆ ಬೀಳುವ ಆ ಸಣ್ಣ ಮೊತ್ತಗಳು ಒಬ್ಬರ ಬದುಕು ಎಲ್ಲಿ ನಡೆಯುತ್ತಿದೆ ಎಂದು ಚೆನ್ನಾಗಿ ತೋರಿಸುತ್ತವೆ. ಪಾಸ್‌ಬುಕ್‌ನಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಕಂಡರೆ ಮುಜುಗರ ಪಡಬೇಡಿ, ಖರ್ಚು ಹೇಗೂ ನಿಮ್ಮದು. ಆದರೆ ಅರ್ಜಿ ಹಾಕುವ ಹಿಂದಿನ ವಾರ ಅಮ್ಮನ ಅಕೌಂಟಿಗೆ ಐದು ಲಕ್ಷ ತುಂಬಿಸುವ ಕೆಲಸ ಮಾತ್ರ ಬೇಡ. ತಿಂಗಳಿಗೆ ಕೆಲವು ಸಾವಿರ ಓಡಾಡುವ ಖಾತೆಯಲ್ಲಿ ಆ ಒಂದು ಸಾಲು ಎದ್ದು ಕಾಣುತ್ತದೆ, ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಪತ್ರದಲ್ಲಿ ಉತ್ತರ ಇರುವುದಿಲ್ಲ.

ಖರ್ಚಿನ ಪ್ಯಾರಾದಲ್ಲಿ ನೀವು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಅಮ್ಮ ಅಲ್ಲಿರುವಾಗ ನೀವು ಹೆರಿಗೆ ರಜೆಯಲ್ಲಿರುತ್ತೀರಿ, ನಿಮ್ಮ ಆದಾಯ ಕಡಿಮೆ ಇರುತ್ತದೆ. ನಿಮ್ಮ ಈಗಿನ ಸಂಬಳ ತೋರಿಸಿ ‘ನಾನು ನೋಡಿಕೊಳ್ಳುತ್ತೇನೆ’ ಅಂದರೆ ಲೆಕ್ಕ ಕೂಡುವುದಿಲ್ಲ. ನಿಮ್ಮ ಯಜಮಾನರ ಉದ್ಯೋಗ ಪತ್ರ, ಇತ್ತೀಚಿನ ಸಂಬಳ ಚೀಟಿಗಳು, ಇಬ್ಬರ ತೆರಿಗೆ ನೋಟಿಸ್ ಆಫ್ ಅಸೆಸ್‌ಮೆಂಟ್ ಇಡಿ. ಪತ್ರಕ್ಕೆ ಇಬ್ಬರೂ ಸಹಿ ಮಾಡಿ. ಮನೆಯಲ್ಲಿ ಈಗ ಇಬ್ಬರು, ಮಾರ್ಚ್‌ನಿಂದ ಮಗು ಸೇರಿ ಮೂವರು ಎಂದು ಬರೆಯಿರಿ. ವಿಸಿಟರ್ ವೀಸಾಗೆ ಆರೋಗ್ಯ ವಿಮೆ ಕಡ್ಡಾಯವಲ್ಲ. ಆದರೆ ಅಮ್ಮನಿಗೆ ಒಂಟಾರಿಯೊ ಸರ್ಕಾರದ ಆರೋಗ್ಯ ಸೌಲಭ್ಯ ಸಿಗುವುದಿಲ್ಲ, ಅಲ್ಲಿನ ಆಸ್ಪತ್ರೆ ಬಿಲ್ಲು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವಿಮೆ ಮಾಡಿಸುತ್ತೇವೆ ಎಂಬ ಒಂದು ಸಾಲು ಹಾಕಿ, ನಿಜವಾಗಿಯೂ ಮಾಡಿಸಿ.

ಹಳೆಯ ರಿಜೆಕ್ಷನ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಬೇಕು. ಈ ಹಿಂದೆ ವೀಸಾ ನಿರಾಕರಣೆ ಆಗಿತ್ತೇ ಎಂದು ಫಾರ್ಮ್‌ನಲ್ಲಿ ಕೇಳುತ್ತಾರೆ. ‘ಹೌದು’ ಎಂದೇ ಹಾಕಿ. ಹಳೆಯ ಅರ್ಜಿ ಅವರ ಕಂಪ್ಯೂಟರ್‌ನಲ್ಲೇ ಇದೆ. ಮುಚ್ಚಿಟ್ಟರೆ ಅದು ತಪ್ಪು ಮಾಹಿತಿ ಆಗುತ್ತದೆ, ಅದಕ್ಕೆ ಐದು ವರ್ಷ ಕೆನಡಾ ಬಾಗಿಲು ಮುಚ್ಚುತ್ತದೆ. ಪತ್ರದಲ್ಲೂ ಎರಡು ಸಾಲು ಬರೆಯಿರಿ, ಹೋದ ಸಲ ಏನು ಬಿಟ್ಟುಹೋಗಿತ್ತು, ಈ ಸಲ ಏನು ಸೇರಿಸಿದ್ದೀರಿ ಎಂದು. ಅಮ್ಮ ಹೋದ ವರ್ಷ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟಿದ್ದರೆ ಅದು ಹತ್ತು ವರ್ಷ ನಡೆಯುತ್ತದೆ, ಮತ್ತೆ ಹೋಗಬೇಕಿಲ್ಲ. ವೀಸಾ ಫೀ ನೂರು ಡಾಲರ್ ಮಾತ್ರ ಮತ್ತೆ ಕಟ್ಟಬೇಕು.

ಹಾಗಾದರೆ ನಿಮ್ಮ ಪತ್ರದ ನಡುಭಾಗ ಹೆಚ್ಚು ಕಡಿಮೆ ಹೀಗಿರಬಹುದು. ಕಳಿಸುವುದು ಇಂಗ್ಲಿಷ್‌ನಲ್ಲೇ, ಇಲ್ಲಿ ತಿರುಳು ಮಾತ್ರ ಕೊಡುತ್ತಿದ್ದೇನೆ. ಇದಕ್ಕೆ ಮೊದಲು ನಿಮ್ಮಿಬ್ಬರ ಮತ್ತು ಅಮ್ಮನ ಹೆಸರು, ಹುಟ್ಟಿದ ದಿನ, ವಿಳಾಸದ ವಿವರ ಬಂದಿರುತ್ತದೆ.

‘ನನಗೆ ಮಾರ್ಚ್ ಮಧ್ಯದಲ್ಲಿ ಮೊದಲ ಹೆರಿಗೆ ಇದೆ. ವೈದ್ಯರ ಪತ್ರ ಲಗತ್ತಿಸಿದ್ದೇನೆ. ಹೆರಿಗೆಗೆ ಮೊದಲು ಮತ್ತು ನಂತರದ ತಿಂಗಳುಗಳಲ್ಲಿ ಜೊತೆಗಿರಲು ನನ್ನ ತಾಯಿಯನ್ನು ಫೆಬ್ರವರಿ ಕೊನೆಯ ವಾರದಿಂದ ಜುಲೈ ಮೂರನೇ ವಾರದವರೆಗೆ ಆಹ್ವಾನಿಸುತ್ತಿದ್ದೇನೆ. ಅವರು ಮೇಲೆ ಹೇಳಿದ ವಿಳಾಸದಲ್ಲಿ ನಮ್ಮ ಜೊತೆಯೇ ಇರುತ್ತಾರೆ. ವಿಮಾನದ ಟಿಕೆಟ್, ಊಟ, ವಿಮೆ ಎಲ್ಲ ಖರ್ಚು ನಾನು ಮತ್ತು ನನ್ನ ಪತಿ ಭರಿಸುತ್ತೇವೆ. ಆ ಅವಧಿಯಲ್ಲಿ ನಾನು ಹೆರಿಗೆ ರಜೆಯಲ್ಲಿರುತ್ತೇನೆ, ಪತಿಯ ಆದಾಯದ ದಾಖಲೆ ಜೊತೆಗಿದೆ.

ತಾಯಿ ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಸ್ವಂತ ಮನೆಯಲ್ಲಿ ನನ್ನ ಅಣ್ಣ ಮತ್ತು ಅವರ ಪತ್ನಿಯ ಜೊತೆ ವಾಸವಾಗಿದ್ದಾರೆ. ಕುಟುಂಬ ಎರಡು ಎಕರೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆ ಕೃಷಿ ಮಾಡುತ್ತದೆ, ಹುಳು ಸಾಕಣೆಯ ಕೆಲಸ ಮುಖ್ಯವಾಗಿ ತಾಯಿಯದು. ಅವರು ಇಲ್ಲದಾಗ ಅಣ್ಣ ಅತ್ತಿಗೆ ನೋಡಿಕೊಳ್ಳುತ್ತಾರೆ. ಜಮೀನು ದಿವಂಗತ ತಂದೆಯ ಹೆಸರಿನಲ್ಲಿದೆ, ತಾಯಿ ವಾರಸುದಾರರಲ್ಲಿ ಒಬ್ಬರು. ಕಳೆದ ವರ್ಷದ ಅರ್ಜಿ ನಿರಾಕರಣೆಯಾಗಿತ್ತು. ಆಗ ಊರಿನ ಕುಟುಂಬ ಮತ್ತು ಕೃಷಿಯ ದಾಖಲೆಗಳನ್ನು ಸರಿಯಾಗಿ ಕೊಟ್ಟಿರಲಿಲ್ಲ, ಈಗ ಕೊಟ್ಟಿದ್ದೇವೆ.’

ಇಲ್ಲಿ ಅಣ್ಣನೊಡನೆ ಇದ್ದಾರೆ ಎಂಬ ಮಾತು ಫ್ಯಾಮಿಲಿ ಇನ್ಫಾರ್ಮೇಶನ್ ಫಾರ್ಮ್‌ನಲ್ಲಿ ಅಣ್ಣನ ವಿಳಾಸದ ಎದುರೂ ಇರಬೇಕು. ಅಣ್ಣ ಬೆಂಗಳೂರಿನ ವಿಳಾಸದಲ್ಲಿ ಆಧಾರ್ ಮಾಡಿಸಿಕೊಂಡಿದ್ದರೆ ಅದನ್ನೇ ನೋಡಿ ತುಂಬಿಸಬೇಡಿ, ಈಗ ವಾಸವಿರುವ ವಿಳಾಸ ಹಾಕಿ. ಫಾರ್ಮ್ ಒಬ್ಬರು, ಪತ್ರ ಇನ್ನೊಬ್ಬರು ಬರೆದಾಗ ಇಂಥದ್ದು ಆಗೇ ಆಗುತ್ತದೆ. ಕಳಿಸುವ ಮೊದಲು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಒಬ್ಬರೇ ಕೂತು ಓದಿ. ದುಡ್ಡು ತೆಗೆದುಕೊಂಡು ಯಾರಾದರೂ ಅರ್ಜಿ ಹಾಕಿಕೊಡುತ್ತಿದ್ದರೆ ಅವರು ಕೆನಡಾದ ಲೈಸೆನ್ಸ್ ಇರುವವರಾಗಿರಬೇಕು, IMM 5476 ಫಾರ್ಮ್‌ನಲ್ಲಿ ಅವರ ಹೆಸರು ಇರಬೇಕು. ‘ನನ್ನ ಹೆಸರು ಹಾಕಬೇಡಿ’ ಎನ್ನುವವರ ಹತ್ತಿರ ಹೋಗಬೇಡಿ.

ನೋಟರಿ ವಿಷಯ. ಎಲ್ಲರಿಗೂ ಕಡ್ಡಾಯ ಇಲ್ಲ, ಕೆಲವು ವೀಸಾ ಕಚೇರಿಗಳು ಕೇಳಬಹುದು ಎಂದಷ್ಟೇ ಇದೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕುವಾಗ ನಿಮಗೆ ಬರುವ ದಾಖಲೆ ಪಟ್ಟಿಯಲ್ಲಿ ಕೇಳಿದ್ದರೆ ಮಾಡಿಸಿ. ಸಹಿ ನಿಮ್ಮದೇ ಎಂದು ಹೇಳುವುದಷ್ಟೇ ನೋಟರಿಯ ಕೆಲಸ, ಒಳಗಿನ ಮಾತಿಗೆ ಅದರಿಂದ ತೂಕ ಬರುವುದಿಲ್ಲ.

ಅಮ್ಮ ಒಂದು ವರ್ಷ, ಎರಡು ವರ್ಷ ಇರಲಿ ಅನ್ನುವ ಮನಸ್ಸಿದ್ದರೆ ಅದಕ್ಕೆ ಈ ದಾರಿ ಅಲ್ಲ, ಸೂಪರ್ ವೀಸಾ ಇದೆ. ಅದರಲ್ಲಿ ಒಂದು ಸಲಕ್ಕೆ ಐದು ವರ್ಷದವರೆಗೂ ಇರಬಹುದು. ಆದರೆ ನಿಮ್ಮ ಮನೆಯ ಜನಸಂಖ್ಯೆಗೆ ತಕ್ಕ ಕನಿಷ್ಠ ಆದಾಯ ತೋರಿಸಬೇಕು, ಕನಿಷ್ಠ 1,00,000 ಕೆನಡಾ ಡಾಲರ್‌ನ ಆರೋಗ್ಯ ವಿಮೆ ಬೇಕು, ಮೆಡಿಕಲ್ ಪರೀಕ್ಷೆ ಆಗಬೇಕು, ಪತ್ರದಲ್ಲಿ ಇರುವಷ್ಟು ಕಾಲದ ಖರ್ಚಿನ ಲಿಖಿತ ಭರವಸೆ ಕೊಡಬೇಕು. ಮನಸ್ಸಲ್ಲಿ ಎರಡು ವರ್ಷ ಇಟ್ಟುಕೊಂಡು ಪತ್ರದಲ್ಲಿ ಐದು ತಿಂಗಳು ಬರೆಯಬೇಡಿ.

ವೀಸಾ ಬಂದ ಮೇಲೂ ಪತ್ರಕ್ಕೆ ಕೆಲಸ ಇದೆ. ಅದರ ಒಂದು ಪ್ರತಿ ಅಮ್ಮನ ಕೈಚೀಲದಲ್ಲಿರಲಿ, ಸೂಟ್‌ಕೇಸ್‌ನಲ್ಲಿ ಬೇಡ. ಅದರಲ್ಲಿ ಏನಿದೆ ಎಂದು ಅವರಿಗೆ ಕನ್ನಡದಲ್ಲಿ ಓದಿ ಹೇಳಿ. ಟೊರೊಂಟೊದಲ್ಲಿ ಇಳಿದಾಗ ಗಡಿ ಅಧಿಕಾರಿ ಎಷ್ಟು ದಿನ ಇರುತ್ತೀರಿ ಎಂದು ಕೇಳುತ್ತಾರೆ. ‘ಮಗಳು ಎಷ್ಟು ದಿನ ಇರು ಅಂತಾಳೋ ಅಷ್ಟು ದಿನ’ ಎಂದು ಅಮ್ಮ ಪ್ರೀತಿಯಿಂದ ಹೇಳಿಬಿಟ್ಟರೆ ಕಷ್ಟ. ‘ಜುಲೈವರೆಗೆ’ ಎಂಬ ಒಂದು ಮಾತು ಬಾಯಿಗೆ ಬರುವ ಹಾಗೆ ಮಾಡಿ. ಎಷ್ಟು ದಿನ ಇರಬಹುದು ಎಂದು ತೀರ್ಮಾನ ಮಾಡುವವರು ಆ ಅಧಿಕಾರಿಯೇ. ಪಾಸ್‌ಪೋರ್ಟ್‌ನಲ್ಲಿ ತಾರೀಖು ಬರೆಯದಿದ್ದರೆ ಸಾಮಾನ್ಯವಾಗಿ ಬಂದ ದಿನದಿಂದ ಆರು ತಿಂಗಳು ಎಂದು ಲೆಕ್ಕ. ತಾರೀಖು ಬರೆದಿದ್ದರೆ ಅದೇ ಕೊನೆ, ವೀಸಾ ಎಷ್ಟು ವರ್ಷದ್ದು ಎಂಬುದು ಅದಕ್ಕೆ ಸಂಬಂಧವಿಲ್ಲ. ವಿಮಾನ ನಿಲ್ದಾಣದಿಂದ ಮನೆಗೆ ಬಂದ ದಿನವೇ ಆ ಪುಟ ತೆರೆದು ನೋಡಿ.